ಆಫರ್ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿ ಬಂದರೆ: ಅವರ ನೋಟಿಸ್ ಮುಗಿಯುವ ಮೊದಲೇ ಹೇಳಿ

ಪ್ರಶ್ನೆ: ಗಿಣಿಗೇರಾ ಹತ್ತಿರದ ಒಂದು ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ಎಚ್‌ಆರ್ ನೋಡಿಕೊಳ್ಳುತ್ತೇನೆ. ಲ್ಯಾಬಿಗೆ ಶಿಫ್ಟ್ ಕೆಮಿಸ್ಟ್ ಒಬ್ಬರನ್ನು ಆರಿಸಿ 6ನೇ ತಾರೀಖು ಆಫರ್ ಲೆಟರ್ ಕೊಟ್ಟೆವು. 8ಕ್ಕೆ ಸಹಿ ಮಾಡಿ ಕಳಿಸಿದರು. 10ಕ್ಕೆ ಬಳ್ಳಾರಿ ಕಡೆಯ ತಮ್ಮ ಈಗಿನ ಕಂಪನಿಗೆ ರಾಜೀನಾಮೆ ಕೊಟ್ಟರು. ನೋಟಿಸ್ 30 ದಿನ, ಬರುವ 9ಕ್ಕೆ ಅಲ್ಲಿ ಕೊನೆಯ ದಿನ, 12ಕ್ಕೆ ನಮ್ಮಲ್ಲಿ ಸೇರಬೇಕು. ಸಂಬಳ ತಿಂಗಳಿಗೆ 32,000. ಮೊನ್ನೆ 24ಕ್ಕೆ ಹೆಡ್ ಆಫೀಸಿನಿಂದ ಮೇಲ್ ಬಂತು: ಬಜೆಟ್ ಫ್ರೀಜ್, ಹೊಸಬರನ್ನು ತೆಗೆದುಕೊಳ್ಳಬೇಡಿ ಅಂತ. ನಮ್ಮ ಪ್ಲಾಂಟ್ ಹೆಡ್ "ತಿಂಗಳ ಕೊನೀತನಕ ಸುಮ್ನಿರ್ರಿ, ಫ್ರೀಜ್ ತಗದ್ರೂ ತಗದಾರು. ಇಲ್ಲಂದ್ರ ಮೆಡಿಕಲ್‌ನ್ಯಾಗ ಪಾಸ್ ಆಗಿಲ್ಲ ಅಂತ ಹೇಳಿಬಿಡ್ರಿ" ಅನ್ನುತ್ತಾರೆ. ಆ ಕೆಮಿಸ್ಟ್ ಕೊಪ್ಪಳದಲ್ಲಿ ಮನೆ ಹಿಡಿದು 20,000 ಅಡ್ವಾನ್ಸ್ ಕೊಟ್ಟಿದ್ದಾರೆ. ಮಗಳ ಟಿ.ಸಿ. ಮುಂದಿನ ವಾರ ತರುತ್ತೇನೆ ಅಂದಿದ್ದರು. ಆಫರ್ ಲೆಟರ್ ಅಪಾಯಿಂಟ್‌ಮೆಂಟ್ ಆರ್ಡರ್ ಅಲ್ಲ, ಕಾನೂನಿನ ತೊಂದರೆ ಇಲ್ಲ ಅಂತಲೂ ಹೇಳುತ್ತಾರೆ. ನಿಜವೇ? ಅವರಿಗೆ ಹೇಗೆ ಹೇಳಲಿ?

ಉತ್ತರ: ಇವತ್ತು 26. ಇವತ್ತಿನದೂ ಸೇರಿ ನಿಮ್ಮ ಕೆಮಿಸ್ಟ್‌ಗೆ ಹಳೆಯ ಕಂಪನಿಯಲ್ಲಿ 14 ದಿನ ಉಳಿದಿವೆ. ತಿಂಗಳ ಕೊನೆಯವರೆಗೆ ನೀವು ಸುಮ್ಮನಿದ್ದರೆ 9 ದಿನ ಉಳಿಯುತ್ತವೆ. ನಾನು ಮೊದಲು ನೋಡಿದ್ದು ಈ ಲೆಕ್ಕವನ್ನು. ಹೇಗೆ ಹೇಳಬೇಕು ಅನ್ನುವುದಕ್ಕಿಂತ ಯಾವತ್ತು ಹೇಳಬೇಕು ಅನ್ನುವುದು ಇಲ್ಲಿ ದೊಡ್ಡದು. ಅವರು ಇನ್ನೂ ಹಳೆಯ ಕಂಪನಿಯ ನೌಕರರೇ. ಅವರ ಹೆಸರು ಅಲ್ಲಿನ ಮಸ್ಟರ್‌ನಲ್ಲಿದೆ, ಶಿಫ್ಟ್ ಪಟ್ಟಿಯಲ್ಲಿದೆ, ಅವರ ಜಾಗಕ್ಕೆ ಬಹುಶಃ ಇನ್ನೂ ಯಾರೂ ಬಂದಿಲ್ಲ. ವಾಪಸ್ ಹೋಗುವ ದಾರಿ ತೆರೆದಿರುವುದು ಈ 14 ದಿನ ಮಾತ್ರ. ಸುದ್ದಿಯನ್ನು ನೀವು ಒಂದು ದಿನ ಇಟ್ಟುಕೊಂಡರೆ ಅವರ ದಿನಗಳಲ್ಲಿ ಒಂದು ಹೋಯಿತು.

ರಾಜೀನಾಮೆ ಕೊಟ್ಟ ಮೇಲೆ ಮುಗಿಯಿತು ಅಂತ ನಮ್ಮ ಭಾಗದಲ್ಲಿ ಬಹಳ ಜನ ತಿಳಿದುಕೊಂಡಿದ್ದಾರೆ. ಹಾಗಿಲ್ಲ. ಮುಂದಿನ ಒಂದು ತಾರೀಖಿನಿಂದ ಜಾರಿಯಾಗುವ ರಾಜೀನಾಮೆಯನ್ನು ಆ ತಾರೀಖು ಬರುವ ಮೊದಲು ಹಿಂದಕ್ಕೆ ಪಡೆಯಬಹುದು ಅನ್ನುವುದನ್ನು ಸುಪ್ರೀಂ ಕೋರ್ಟ್ ಒಂದಕ್ಕಿಂತ ಹೆಚ್ಚು ಸಲ ಹೇಳಿದೆ. ನಮ್ಮ ರಾಜ್ಯದ್ದೇ ಒಂದು ಪ್ರಕರಣ 2005ರಲ್ಲಿ ತೀರ್ಮಾನವಾಯಿತು, ಭಾರತ್ ಅರ್ತ್ ಮೂವರ್ಸ್ ಕಂಪನಿಯದು. ಅಲ್ಲಿ ಕಂಪನಿ ರಾಜೀನಾಮೆಯನ್ನು ಅಂಗೀಕರಿಸಿಯೂ ಆಗಿತ್ತು. ಆದರೆ ಬಿಡುಗಡೆಯಾಗುವ ದಿನ ಬರುವ ಮೊದಲೇ ನೌಕರ ವಾಪಸ್ ಪಡೆಯುವ ಪತ್ರ ಕೊಟ್ಟಿದ್ದರು. ತೀರ್ಪು ಅವರ ಕಡೆಗೆ ಬಂತು. ಅದು ಸರ್ಕಾರಿ ಕಂಪನಿ. ಖಾಸಗಿ ಕಾರ್ಖಾನೆಯಲ್ಲಿ ಅವರ ಅಪಾಯಿಂಟ್‌ಮೆಂಟ್ ಆರ್ಡರ್ ಏನು ಹೇಳುತ್ತದೆ, ಕಾರ್ಖಾನೆಯ ಸೇವಾ ನಿಯಮಗಳಾದ ಸ್ಟ್ಯಾಂಡಿಂಗ್ ಆರ್ಡರ್ಸ್ ಏನು ಹೇಳುತ್ತವೆ ಅನ್ನುವುದರ ಮೇಲೆ ಮಾತು ನಿಲ್ಲುತ್ತದೆ. ಆದರೂ ನನ್ನ ಅನುಭವದಲ್ಲಿ ಇದು ಕೋರ್ಟಿಗೆ ಹೋಗುವ ವಿಷಯವೇ ಆಗುವುದಿಲ್ಲ. ಕೆಲಸ ಬಲ್ಲ ಕೆಮಿಸ್ಟ್ ನೋಟಿಸ್ ನಡುವೆ ಬಂದು "ಇಲ್ಲೇ ಇರ್ತೀನ್ರಿ ಸರ" ಅಂದರೆ ಬಹಳಷ್ಟು ಕಾರ್ಖಾನೆಗಳು ಉಳಿಸಿಕೊಳ್ಳುತ್ತವೆ. ಹೊಸಬರನ್ನು ಹುಡುಕಿ ಕಿಲ್ನ್ ಸ್ಯಾಂಪಲ್ ಕೈಗೆ ಕೊಡುವಷ್ಟು ತಯಾರು ಮಾಡುವುದಕ್ಕೆ ಅವರಿಗೂ ಸಮಯ ಬೇಕಲ್ಲ. ಲಾಸ್ಟ್ ವರ್ಕಿಂಗ್ ಡೇ ಆಗಿ, ರಿಲೀವಿಂಗ್ ಲೆಟರ್ ಕೈಗೆ ಬಂದ ಮೇಲೆ ಅದೇ ಮನುಷ್ಯ ಅದೇ ಗೇಟಿಗೆ ಹೋದರೆ ಹೊಸ ಅರ್ಜಿದಾರ. ಆಗ ಹಳೆಯ ಸಂಬಳವೂ ಗ್ಯಾರಂಟಿ ಇಲ್ಲ, ಸರ್ವೀಸೂ ಇಲ್ಲ.

ಈಗ ಮೆಡಿಕಲ್ ಮಾತಿಗೆ ಬರೋಣ. ನಿಮ್ಮ ಪ್ಲಾಂಟ್ ಹೆಡ್ ಕೆಟ್ಟ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ. ಆಫರ್ ಲೆಟರ್‌ನಲ್ಲಿ "ವೈದ್ಯಕೀಯ ತಪಾಸಣೆಗೆ ಒಳಪಟ್ಟು" ಅಂತ ಒಂದು ಸಾಲು ಇರುತ್ತದೆ, ಅದರ ಮೇಲೆ ಹಾಕಿದರೆ ಕಂಪನಿಗೆ ರಕ್ಷಣೆ ಅನ್ನುವ ಲೆಕ್ಕ. ಆದರೆ ಆ ಕೆಮಿಸ್ಟ್ ಮನೆಗೆ ಹೋಗಿ ಏನು ಮಾಡುತ್ತಾರೆ ಅಂತ ಯೋಚಿಸಿ. ಕಲ್ಲಿದ್ದಲು ಧೂಳಿನ ನಡುವೆ ಕೆಲಸ ಮಾಡಿದ ಮನುಷ್ಯ. ಮೆಡಿಕಲ್‌ನಲ್ಲಿ ಫೇಲ್ ಅಂದರೆ ಮೊದಲು ನೆನಪಾಗುವುದು ಎದೆ. ಎಕ್ಸ್‌ರೇ ತೆಗೆಸುತ್ತಾರೆ, ಒಬ್ಬ ಡಾಕ್ಟರ್ ಏನೂ ಇಲ್ಲ ಅಂದರೆ ಹುಬ್ಬಳ್ಳಿಗೆ ಹೋಗಿ ಇನ್ನೊಬ್ಬರಿಗೆ ತೋರಿಸುತ್ತಾರೆ. ಮನೆಯವರು ನಿದ್ದೆ ಬಿಡುತ್ತಾರೆ. ಮುಂದಿನ ಇಂಟರ್‌ವ್ಯೂನಲ್ಲಿ "ಅಲ್ಲಿ ಯಾಕೆ ಸೇರಲಿಲ್ಲ?" ಅಂತ ಕೇಳಿದರೆ ಇಲ್ಲದ ರೋಗವನ್ನು ಹೇಳಬೇಕು. ಕಂಪನಿಗೂ ಅದರಿಂದ ರಕ್ಷಣೆ ಇಲ್ಲ. ಅವರು ರಿಪೋರ್ಟ್ ಕೊಡಿ ಅಂತ ಕೇಳಿದ ದಿನ ನಿಮ್ಮಲ್ಲಿ ಕೊಡಲು ಕಾಗದ ಇರುವುದಿಲ್ಲ, ಆದರೆ 24ರ ಫ್ರೀಜ್ ಮೇಲ್ ಇರುತ್ತದೆ. ಹೊಸಪೇಟೆಯಿಂದ ಕೊಪ್ಪಳದ ತನಕ ಈ ಸಾಲಿನ ಲ್ಯಾಬಿನವರೆಲ್ಲ ಒಬ್ಬರಿಗೊಬ್ಬರು ಗೊತ್ತು. ನಿಮ್ಮಲ್ಲಿ ಫ್ರೀಜ್ ಆಗಿದೆ ಅನ್ನುವುದು ಗೇಟಿನ ಹೊರಗಿನ ಚಹಾದ ಅಂಗಡಿಗೆ ಈಗಾಗಲೇ ಮುಟ್ಟಿರಬಹುದು. ಸುಳ್ಳು ಕಾರಣವನ್ನು ಆ ಕಡೆಯಿಂದ ತಿಳಿದರೆ ಆ ಮನುಷ್ಯನಿಗೆ ಎರಡು ಸಲ ಏಟು.

ಕಾನೂನಿನ ಮಾತು. ಆಫರ್ ಬೇರೆ, ಅಪಾಯಿಂಟ್‌ಮೆಂಟ್ ಬೇರೆ, ಅದರಿಂದ ಏನೂ ಆಗುವುದಿಲ್ಲ ಅನ್ನುವುದು ಅರ್ಧ ಸತ್ಯ. 1872ರ ಭಾರತೀಯ ಕರಾರು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪ್ರಸ್ತಾವವನ್ನು ಆ ಕಡೆಯವರು ಒಪ್ಪಿಗೆ ಕಳಿಸುವ ಮೊದಲು ಹಿಂಪಡೆಯಬಹುದು. ನಿಮ್ಮ ಕೆಮಿಸ್ಟ್ 8ಕ್ಕೇ ಸಹಿ ಮಾಡಿ ಕಳಿಸಿದ್ದಾರೆ. ಅಲ್ಲಿಗೆ ಅದು ಬರೀ ಪ್ರಸ್ತಾವ ಅಲ್ಲ, ಮಾತು ಕೊಟ್ಟು ಮಾತು ತೆಗೆದುಕೊಂಡ ಹಾಗೆ. "ಹಣ ಮಂಜೂರಾಗಲಿಲ್ಲ" ಅನ್ನುವುದು ಕರಾರು ನಡೆಸಲು ಅಸಾಧ್ಯವಾದ ಸಂದರ್ಭವೂ ಅಲ್ಲ, ಅದು ಕಂಪನಿ ಮಾಡಿದ ಆಯ್ಕೆ. ಹಾಗಂತ ಕೋರ್ಟು ನಿಮ್ಮನ್ನು ಹಿಡಿದು ಅವರಿಗೆ ಕೆಲಸ ಕೊಡಿಸುವುದೂ ಇಲ್ಲ. ಖಾಸಗಿ ನೌಕರಿಯ ಕರಾರನ್ನು ಸಾಮಾನ್ಯವಾಗಿ ಹಾಗೆ ಜಾರಿ ಮಾಡಿಸುವುದಿಲ್ಲ. ಅವರು ಕೇಳಬಹುದಾದದ್ದು 73ನೇ ಸೆಕ್ಷನ್ ಪ್ರಕಾರ ನಷ್ಟ ಪರಿಹಾರ: ನಿಮ್ಮ ಮಾತು ನಂಬಿ ಬಿಟ್ಟ ಸಂಬಳ, ಕಳೆದುಕೊಂಡ ಅಡ್ವಾನ್ಸ್, ಇಂಥವು. ಅದೇ ಕಾಯ್ದೆ ಇನ್ನೊಂದನ್ನೂ ನೋಡುತ್ತದೆ. ನಷ್ಟವನ್ನು ಕಡಿಮೆ ಮಾಡಿಕೊಳ್ಳುವ ದಾರಿ ಅವರಿಗೆ ಇತ್ತೇ? ನೀವು ಇವತ್ತು ಹೇಳಿ, ಅವರು ನಾಳೆ ರಾಜೀನಾಮೆ ವಾಪಸ್ ಪಡೆದರೆ ನಷ್ಟ 20,000ದ ಸುತ್ತ ನಿಲ್ಲುತ್ತದೆ. 11ಕ್ಕೆ ಹೇಳಿದರೆ ತಿಂಗಳುಗಟ್ಟಲೆ ಸಂಬಳ ಅದಕ್ಕೆ ಸೇರುತ್ತದೆ. ಪ್ಲಾಂಟ್ ಹೆಡ್ ಎದುರು ಇದನ್ನು ಇದೇ ಮಾತಿನಲ್ಲಿ ಹೇಳಿ. ಬೇಗ ಹೇಳುವುದು ಕಂಪನಿಗೂ ಕಡಿಮೆ ಖರ್ಚು ಅನ್ನುವುದು ಅವರಿಗೆ ತಕ್ಷಣ ಅರ್ಥವಾಗುತ್ತದೆ. ಆಫರ್ ಲೆಟರ್‌ನಲ್ಲಿ "ಕಂಪನಿಯ ಅಗತ್ಯಕ್ಕೆ ಒಳಪಟ್ಟು" ಅನ್ನುವಂಥ ಸಾಲು ಇದ್ದರೆ ಕಂಪನಿಯ ಹೊಣೆ ಸ್ವಲ್ಪ ಸಡಿಲವಾಗಬಹುದು, ಅದನ್ನು ನಿಮ್ಮ ವಕೀಲರಿಗೆ ಒಮ್ಮೆ ತೋರಿಸಿ.

ಫೋನ್ ಎತ್ತುವ ಮೊದಲು ಹೆಡ್ ಆಫೀಸಿನಿಂದ ಮೂರು ಉತ್ತರ ಬೇಕು, ಮೂರೂ ಮೇಲ್‌ನಲ್ಲೇ ಬೇಕು. ಫ್ರೀಜ್ ಮೇಲ್‌ಗಳನ್ನು ಬರೆಯುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವುದು ಹೊಸ ರಿಕ್ವಿಸಿಷನ್. ಆಗಲೇ ಸಹಿಯಾದ ಆಫರ್‌ಗಳ ಬಗ್ಗೆ ಅವರು ಯೋಚಿಸಿಯೇ ಇರುವುದಿಲ್ಲ. ಹೀಗಾಗಿ ಮೊದಲು ಕೇಳಬೇಕಾದದ್ದು, 24ರ ಮೊದಲು ಒಪ್ಪಿಕೊಂಡ ಆಫರ್‌ಗೂ ಇದು ಅನ್ವಯವೇ ಅಂತ. ಸಂಬಳ, ಸೇರುವ ದಿನ, ಸಹಿಯಾದ ದಿನ, ಅವರು ರಾಜೀನಾಮೆ ಕೊಟ್ಟ ದಿನ, ಇಷ್ಟನ್ನೂ ನಾಲ್ಕು ಸಾಲಿನಲ್ಲಿ ಬರೆದು "ಇಂದು ಸಂಜೆಯೊಳಗೆ ಉತ್ತರ ಬೇಕು, ಅಭ್ಯರ್ಥಿಯ ನೋಟಿಸ್ ಓಡುತ್ತಿದೆ" ಅಂತ ಹಾಕಿ. ಇಂಥ ಮೇಲ್‌ಗೆ ವಿನಾಯಿತಿ ಸಿಕ್ಕಿದ್ದನ್ನು ನಾನು ಎರಡು ಸಲ ನೋಡಿದ್ದೇನೆ. ಎರಡನೆಯದು, ಹುದ್ದೆಯೇ ಹೋಯಿತೇ ಅಥವಾ ಒಂದು ತಾರೀಖಿನವರೆಗೆ ನಿಂತಿದೆಯೇ, ಆ ತಾರೀಖು ಯಾವುದು? ಮೂರನೆಯದು ಹಣ. ಒಂದು ತಿಂಗಳ ಸಂಬಳ 32,000, ಮನೆಯ ಅಡ್ವಾನ್ಸ್‌ನಲ್ಲಿ ವಾಪಸ್ ಬಾರದಷ್ಟು, ಇದಕ್ಕೆ ಒಪ್ಪಿಗೆ ಕೇಳಿ. ಒಟ್ಟು 52,000ಕ್ಕಿಂತ ಹೆಚ್ಚಾಗುವುದಿಲ್ಲ. ಫ್ರೀಜ್‌ನಲ್ಲಿ ಉಳಿಯುವ ವರ್ಷದ ಸಂಬಳ 3,84,000. ಈ ಎರಡು ಅಂಕಿ ಪಕ್ಕಪಕ್ಕದಲ್ಲಿ ಇಟ್ಟರೆ ಫೈನಾನ್ಸ್‌ನವರು ಬೇಡ ಅನ್ನುವುದು ಕಷ್ಟ. ಹಣಕ್ಕೆ ಉತ್ತರ ತಡವಾದರೆ ಸುದ್ದಿಯನ್ನು ಅದಕ್ಕಾಗಿ ತಡೆಯಬೇಡಿ. ಮೊದಲೆರಡಕ್ಕೆ ಉತ್ತರ ಬಂದರೆ ಸಾಕು, ಹೇಳಿಬಿಡಿ. ನಾಳೆ ಮಧ್ಯಾಹ್ನ ಮೀರಿ ಯಾವ ಉತ್ತರಕ್ಕೂ ಕಾಯಬೇಡಿ. ಆಗ "ಫ್ರೀಜ್ ಆಗಿದೆ, ವಿನಾಯಿತಿ ಕೇಳಿದ್ದೇನೆ, ಇನ್ನೂ ಬಂದಿಲ್ಲ, ನೀವು ಅದನ್ನು ನಂಬಿ ಕೂರಬೇಡಿ" ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಇಷ್ಟು ಅವಸರ ಯಾಕೆ ಅಂತ ನೀವು ಕೇಳಬಹುದು. ನಾನು ಪರ್ಸನಲ್ ಡಿಪಾರ್ಟ್‌ಮೆಂಟ್‌ಗೆ ಹೊಸದಾಗಿ ಸೇರಿದ್ದ ದಿನಗಳು. ಇಂಥದ್ದೇ ಒಂದು ಆಫರ್, ಇಂಥದ್ದೇ "ಸುಮ್ನಿರ್ರಿ". ಹೇಳುವ ಕೆಲಸ ನನ್ನದಾಗಿತ್ತು, ಮೇಲಿನವರು ಬೇಡ ಅಂದರು, ನಾನು ಸುಮ್ಮನಾದೆ. ಸೇರುವ ದಿನ ಬೆಳಗ್ಗೆ ಎಂಟೂವರೆಗೆ ಗೇಟಿನಿಂದ ಸೆಕ್ಯುರಿಟಿಯವರ ಫೋನ್. ಹೋಗಿ ನೋಡಿದರೆ ಲಿಂಗಸುಗೂರಿನಿಂದ ಮೊದಲ ಬಸ್ಸಿಗೆ ಬಂದ ಹುಡುಗ, ಪಕ್ಕದಲ್ಲಿ ಟ್ರಂಕು, ಟ್ರಂಕಿನ ಮೇಲೆ ಸುತ್ತಿದ ಹಾಸಿಗೆ. ಸರ್ಟಿಫಿಕೇಟುಗಳನ್ನು ಪ್ಲಾಸ್ಟಿಕ್ ಫೈಲಿನಲ್ಲಿ ಎದೆಗೆ ಒತ್ತಿ ಹಿಡಿದಿದ್ದ. ಗೇಟ್ ಪಾಸ್ ಬರೆಯುವವರು ಪೆನ್ನು ಹಿಡಿದು ನನ್ನ ಮುಖ ನೋಡುತ್ತಿದ್ದರು. ನಾನು ಹೇಳಿದೆ. ಅವನು ಜಗಳ ಮಾಡಲಿಲ್ಲ. "ಒಂದ್ ಫೋನ್ ಮಾಡಿದ್ರ ಅಲ್ಲೇ ಇರ್ತಿದ್ನೆಲ್ರಿ ಸರ" ಅಂದ. ಅಷ್ಟೇ. ಅವನ ನೋಟಿಸ್ ಮುಗಿದು ಮೂರು ದಿನ ಆಗಿತ್ತು. ನಿಮಗೆ ಇನ್ನೂ 14 ದಿನ ಇವೆ ಅಂತ ಓದಿದಾಗ ನನಗೆ ನೆನಪಾದದ್ದು ಆ ಮೂರು ದಿನ.

ಫೋನ್ ಯಾವಾಗ ಮಾಡಬೇಕು ಅನ್ನುವುದು ಕಾರ್ಖಾನೆಯವರಿಗೆ ಸಣ್ಣ ವಿಷಯ ಅಲ್ಲ. ಅವರು ಶಿಫ್ಟ್ ಕೆಮಿಸ್ಟ್. ಡ್ಯೂಟಿಯಲ್ಲಿ ಇರುವಾಗ, ಸ್ಯಾಂಪಲ್ ತರಲು ಕಿಲ್ನ್ ಡಿಸ್ಚಾರ್ಜ್ ಕಡೆ ನಡೆಯುತ್ತಿರುವಾಗ ಈ ಸುದ್ದಿ ಕಿವಿಗೆ ಬೀಳಬಾರದು. ಬೈಕ್ ಮೇಲೆ ಇರುವಾಗಲೂ ಬೇಡ. ಈ ವಾರ ಯಾವ ಶಿಫ್ಟ್ ಅಂತ ಒಂದು ಮೆಸೇಜ್ ಹಾಕಿ ಕೇಳಿ. ಎ ಶಿಫ್ಟ್ ಆದರೆ ಎರಡಕ್ಕೆ ಬಿಡುತ್ತಾರೆ, ಎರಡೂವರೆಗೆ ಮಾತಾಡಿದರೆ ಅವರ ಹಳೆಯ ಕಂಪನಿಯ ಎಚ್‌ಆರ್ ಅಂದು ಸಂಜೆಯವರೆಗೂ ಸಿಗುತ್ತಾರೆ. ಬಿ ಶಿಫ್ಟ್ ಇದ್ದರೆ ಬೆಳಗ್ಗೆ ಹತ್ತರ ಸುಮಾರು. ಸಿ ಶಿಫ್ಟ್ ಮುಗಿಸಿ ಬಂದಿದ್ದರೆ ಮಲಗಿ ಏಳಲು ಬಿಟ್ಟು ಮಧ್ಯಾಹ್ನ. ವಾರದ ರಜೆಯ ಹಿಂದಿನ ಸಂಜೆ ಮಾತ್ರ ಬೇಡ. ಒಂದೂವರೆ ದಿನ ಅವರು ಏನೂ ಮಾಡಲಾಗದೆ ಮನೆಯಲ್ಲಿ ಕೂರಬೇಕಾಗುತ್ತದೆ. "ಅರ್ಜೆಂಟ್ ಮಾತಾಡಬೇಕು" ಅಂತ ರಾತ್ರಿ ಮೆಸೇಜ್ ಹಾಕಿ ಬೆಳಗ್ಗೆ ಫೋನ್ ಮಾಡುವುದೂ ಬೇಡ. ವಾಟ್ಸ್ಯಾಪ್‌ನಲ್ಲೇ ಸುದ್ದಿ ಮುಗಿಸುವುದಂತೂ ಬೇಡವೇ ಬೇಡ. ಫೋನ್ ನೀವೇ ಮಾಡಿ, ಜೂನಿಯರ್ ಕೈಯಲ್ಲಿ ಮಾಡಿಸಬೇಡಿ, ಆಫರ್ ಕೊಟ್ಟಾಗ ಅಭಿನಂದನೆ ಹೇಳಿದ ಧ್ವನಿಯೇ ಇದನ್ನೂ ಹೇಳಲಿ.

ಮಾತು ಹೀಗೆ ಶುರುವಾಗಲಿ: "ನಮಸ್ಕಾರ ರೀ, ಕೂತು ಮಾತಾಡೋ ಜಾಗದಾಗ ಇದ್ದೀರೇನು? ನಿಮಗೊಂದು ಕೆಟ್ಟ ಸುದ್ದಿ ಹೇಳಬೇಕಾಗೇತಿ. ನಮ್ಮ ಹೆಡ್ ಆಫೀಸ್ ಹೊಸ ನೇಮಕಾತಿ ಎಲ್ಲಾ ನಿಲ್ಲಿಸೇತಿ. ನಿಮಗ ಕೊಟ್ಟ ಆಫರ್ ನಾವು ವಾಪಸ್ ತಗೋಬೇಕಾಗೇತಿ. 12ಕ್ಕ ನೀವು ಸೇರಾಕ ಆಗಂಗಿಲ್ಲ. ಇದರಾಗ ನಿಮ್ಮ ತಪ್ಪು ಏನೂ ಇಲ್ಲ. ನಿಮ್ಮ ಇಂಟರ್‌ವ್ಯೂ, ಸರ್ಟಿಫಿಕೇಟ್, ಮೆಡಿಕಲ್, ಯಾವುದಕ್ಕೂ ಇದು ಸಂಬಂಧ ಇಲ್ಲ." ಇಷ್ಟು ಹೇಳಿ ನಿಲ್ಲಿಸಿ. ಮುಖ್ಯ ಸುದ್ದಿ ಮೊದಲ ಅರ್ಧ ನಿಮಿಷದಲ್ಲಿ ಬರಬೇಕು. ಮಾರ್ಕೆಟ್ ಬಿದ್ದಿದೆ, ಅದಿರಿನ ರೇಟು ಏರಿದೆ ಅಂತ ಹತ್ತು ನಿಮಿಷ ಪೀಠಿಕೆ ಹಾಕಿದರೆ ಕೇಳುವವರ ಎದೆ ಹತ್ತು ನಿಮಿಷ ಹೊಡೆದುಕೊಳ್ಳುತ್ತದೆ.

ಆಮೇಲೆ ಆ ಕಡೆ ಮೌನ ಇರಬಹುದು, ಸಿಟ್ಟು ಬರಬಹುದು. "ನಾ ರಾಜೀನಾಮೆ ಕೊಟ್ಟೀನ್ರಿ, ಈಗ ಏನ್ ಮಾಡ್ಲಿ?" ಅನ್ನುತ್ತಾರೆ. ನಾವು ತಪ್ಪುವುದು ಇಲ್ಲೇ. ಮೌನ ತಾಳಲಾರದೆ "ನಿಮ್ಮಂಥೋರಿಗೆ ಇದಕ್ಕಿಂತ ಛಲೋ ಕೆಲಸ ಸಿಗ್ತೈತಿ" ಅನ್ನುತ್ತೇವೆ, ಇಲ್ಲವೇ "ನನ್ನ ಕೈಯಾಗ ಏನಿಲ್ರಿ" ಅನ್ನುತ್ತೇವೆ. ಮೊದಲನೆಯದು ನಿಮಗೆ ಗೊತ್ತಿಲ್ಲದ ಮಾತು, ಎರಡನೆಯದು ಅವರ ಕಷ್ಟದ ನಡುವೆ ನಿಮ್ಮ ಕಷ್ಟ ಹೇಳಿಕೊಂಡ ಹಾಗೆ. "ನಮ್ಮ ಮಾತು ನಂಬಿ ನೀವು ರಾಜೀನಾಮೆ ಕೊಟ್ರಿ, ಅದು ನನಗೆ ಗೊತ್ತೈತ್ರಿ" ಅಂದರೆ ಸಾಕು. ನಂತರ ಅವರಿಗೆ ಕೆಲಸಕ್ಕೆ ಬರುವ ಮಾತು: "9ರ ತನಕ ನೀವು ಅಲ್ಲಿ ನೌಕರರೇ ಇದ್ದೀರಿ. ಇವತ್ತೇ ನಿಮ್ಮ ಲ್ಯಾಬ್ ಹೆಡ್ ಹತ್ರ ಮಾತಾಡ್ರಿ, ರಾಜೀನಾಮೆ ವಾಪಸ್ ತಗೊಂತೀನಿ ಅಂತ ಬರೆದು ಕೊಡ್ರಿ, ಸೀಲ್ ಹಾಕಿದ ಕಾಪಿ ಇಸಕೊಳ್ರಿ. ಟಿ.ಸಿ. ಈಗ ತರಬ್ಯಾಡ್ರಿ. ಮನಿ ಮಾಲೀಕರಿಗೆ ಇವತ್ತೇ ಹೇಳ್ರಿ, ಬೇಕಂದ್ರ ನಾನೂ ಮಾತಾಡ್ತೀನಿ." ಹಣಕ್ಕೆ ಒಪ್ಪಿಗೆ ಬಂದಿದ್ದರೆ ಎಷ್ಟು, ಯಾವತ್ತು ಅಂತ ಹೇಳಿ. ಬಂದಿಲ್ಲದಿದ್ದರೆ ಕೇಳಿದ್ದೇನೆ ಅಂತ ಮಾತ್ರ ಹೇಳಿ, ಕೊಡಿಸುತ್ತೇನೆ ಅನ್ನಬೇಡಿ. ಸಂಜೆ ಇನ್ನೊಮ್ಮೆ ಫೋನ್ ಮಾಡುತ್ತೇನೆ ಅಂತ ಸಮಯ ಹೇಳಿ ಇಡಿ. ಮೊದಲ ಸಲ ಹೇಳಿದ್ದರಲ್ಲಿ ಅರ್ಧ ಅವರ ತಲೆಗೆ ಹೋಗಿರುವುದಿಲ್ಲ, ಎರಡನೇ ಫೋನ್ ಅದಕ್ಕೇ ಬೇಕು.

ಪತ್ರ ಅದೇ ದಿನ ಮೇಲ್‌ನಲ್ಲಿ ಹೋಗಬೇಕು, ಕಂಪನಿಯ ಲೆಟರ್‌ಹೆಡ್ ಮೇಲೆ. ಹಳೆಯ ಕಂಪನಿಯ ಮುಂದೆ ಅವರು ಇಡುವುದು ಇದನ್ನೇ. ಹುದ್ದೆಯ ಹೆಸರು, 6ರ ಆಫರ್, 8ರ ಒಪ್ಪಿಗೆ, ನೇಮಕಾತಿ ನಿಲ್ಲಿಸಿದ ಕಾರಣದಿಂದ ಆಫರ್ ಹಿಂಪಡೆಯಲಾಗಿದೆ ಅನ್ನುವುದು, ಅಭ್ಯರ್ಥಿಯ ಅರ್ಹತೆ, ದಾಖಲೆ, ಆರೋಗ್ಯ ಯಾವುದರಲ್ಲೂ ಕೊರತೆ ಇಲ್ಲ ಅನ್ನುವುದು, ಇಷ್ಟು ಸ್ಪಷ್ಟವಾಗಿರಲಿ. "ಅನಿವಾರ್ಯ ಕಾರಣಗಳಿಂದ" ಅಂತ ಬರೆಯಬೇಡಿ, ಓದುವವರು ಅದರಲ್ಲಿ ಏನನ್ನು ಬೇಕಾದರೂ ತುಂಬಿಕೊಳ್ಳುತ್ತಾರೆ. ಹಣ ಕೊಡುವಾಗ ಇನ್ನು ಯಾವ ತಕರಾರೂ ಇಲ್ಲ ಅಂತ ಸಹಿ ಬೇಕು ಎಂದು ಹೆಡ್ ಆಫೀಸ್ ಕೇಳಬಹುದು. ಕೇಳಲಿ. ಆದರೆ ಅದು ಬೇರೆ ಕಾಗದವಾಗಿರಲಿ, ಓದಿ ಯಾರನ್ನಾದರೂ ಕೇಳಿ ಸಹಿ ಮಾಡಲು ಅವರಿಗೆ ಕೆಲವು ದಿನ ಸಿಗಲಿ.

ಇನ್ನೆರಡು ದಾರಿಗಳನ್ನು ನಿಮಗೆ ಯಾರಾದರೂ ಸೂಚಿಸಿಯೇ ಸೂಚಿಸುತ್ತಾರೆ. ಒಂದು, ಜಾಯಿನಿಂಗ್ ಮುಂದೂಡುವುದು. ಹೆಡ್ ಆಫೀಸ್ ಬರಹದಲ್ಲಿ ತಾರೀಖು ಕೊಟ್ಟರೆ ಮಾತ್ರ ಇದು ನಿಜವಾದ ದಾರಿ. "ಎರಡು ಮೂರು ತಿಂಗಳಾಗಬಹುದು" ಅಂದರೆ ಆ ಮನುಷ್ಯ ಸಂಬಳವಿಲ್ಲದೆ, ಬೇರೆ ಕೆಲಸವನ್ನೂ ಹುಡುಕದೆ ಕಾಯುತ್ತಾರೆ. ಫ್ರೀಜ್ ಮತ್ತೆ ಮುಂದುವರಿದರೆ ನೀವೇ ಅವರನ್ನು ಎರಡನೇ ಸಲ ಬೀಳಿಸಿದ ಹಾಗೆ. ತಾರೀಖು ಇದ್ದರೂ ರಾಜೀನಾಮೆ ಮೊದಲು ವಾಪಸ್ ಪಡೆಯಲಿ, ಫ್ರೀಜ್ ತೆರೆದ ಮೇಲೆ ಹೊಸ ಆಫರ್ ಕೊಡಿ. ಇನ್ನೊಂದು, ಸದ್ಯಕ್ಕೆ ಕಾಂಟ್ರಾಕ್ಟರ್ ಕೆಳಗೆ ಹಾಕಿಕೊಳ್ಳುವುದು. ಹಳೆಯ ಕಂಪನಿ ವಾಪಸ್ ತೆಗೆದುಕೊಳ್ಳುವುದೇ ಇಲ್ಲ ಅಂದಾಗ, ಸಂಬಳ, ಪಿ.ಎಫ್., ಅವಧಿ ಮೂರೂ ಕಾಗದದಲ್ಲಿದ್ದಾಗ ಇದನ್ನು ಅವರ ಮುಂದೆ ಇಡಬಹುದು. ಪರ್ಮನೆಂಟ್ ನೌಕರಿ ಬಿಟ್ಟು ಬರಲು ಇದೇ ಕಾರಣವಾಗಬಾರದು. ಹಳೆಯ ಕಡೆ ಬಾಗಿಲು ಮುಚ್ಚಿದ್ದರೆ, ಅವರ ಒಪ್ಪಿಗೆ ಕೇಳಿ, ಅವರ ಬಯೋಡೇಟಾ ನಿಮಗೆ ಗೊತ್ತಿರುವ ಎಚ್‌ಆರ್‌ಗಳಿಗೆ ಕಳಿಸಿ. ಕಲ್ಲಿದ್ದಲಿನ ತೇವಾಂಶ, ಬೂದಿ, ವೊಲಟೈಲ್ ಪರೀಕ್ಷೆ ಕೈಗೆ ಹತ್ತಿದ ಕೆಮಿಸ್ಟ್ ಸ್ಪಾಂಜ್ ಐರನ್‌ಗೆ ಮಾತ್ರ ಅಲ್ಲ, ಕುಡತಿನಿ, ಶಕ್ತಿನಗರದಂಥ ಕಡೆ ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರಗಳ ಲ್ಯಾಬಿಗೂ ಬೇಕಾಗುವವರು.

ಕೊನೆಗೆ ನಿಮ್ಮ ಕಪಾಟು ತೆಗೆದು ನೋಡಿ. ಜಾಯಿನಿಂಗ್‌ಗೆ ಅಂತ ಅವರ ಒರಿಜಿನಲ್ ಮಾರ್ಕ್ಸ್ ಕಾರ್ಡ್, ಡಿಗ್ರಿ ಸರ್ಟಿಫಿಕೇಟ್ ಮೊದಲೇ ಇಸಿದುಕೊಂಡಿದ್ದರೆ ನಾಳೆಯೇ ಒಬ್ಬರ ಕೈಯಲ್ಲಿ ಬಳ್ಳಾರಿಗೆ ಕಳಿಸಿ, ಬಂದು ಒಯ್ಯಿರಿ ಅನ್ನಬೇಡಿ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ಗೆ ಏಜೆನ್ಸಿಗೆ ಕೊಟ್ಟಿದ್ದರೆ ಇವತ್ತೇ ನಿಲ್ಲಿಸಲು ಹೇಳಿ. ರಾಜೀನಾಮೆ ವಾಪಸ್ ಕೊಡಲು ಅವರು ಹಳೆಯ ಲ್ಯಾಬ್ ಹೆಡ್ ಎದುರು ನಿಂತಿರುವ ಹೊತ್ತಿಗೆ, ಅದೇ ಆಫೀಸಿಗೆ ನಿಮ್ಮ ಏಜೆನ್ಸಿಯವರ ಫೋನ್ ಹೋಗಬಾರದು.